ಒಂದೇ ತೆರನಾಗಿ ಕಾಣುವ ನೆಟ್‌ವರ್ಕ್ ಪರಿಕಲ್ಪನೆಗಳು: ತುಲನಾ ಕೋಷ್ಟಕವನ್ನು ಪ್ರಯೋಗಾಲಯದಲ್ಲೇ ಕಟ್ಟುವ ಕ್ರಮ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಹತ್ತನೆಯ ತರಗತಿಯವರೆಗೆ ಐಟಿ ಪಾಠವನ್ನು ಕನ್ನಡದಲ್ಲಿ ಓದಿ, ಮುಂದೆ ಪ್ಲಸ್ ಟುವಿನಲ್ಲಿ ಕಂಪ್ಯೂಟರ್ ಸೈನ್ಸ್ ಆಯ್ದುಕೊಂಡ ವಿದ್ಯಾರ್ಥಿಗಳ ನೋಟ್ ಪುಸ್ತಕಗಳಲ್ಲಿ ‘ವ್ಯತ್ಯಾಸ ಬರೆಯಿರಿ’ ಎಂಬ ಪ್ರಶ್ನೆಗೆ ಉತ್ತರವಾಗಿ ಎರಡು ಕಲಂಗಳ ಕೋಷ್ಟಕ ಇದ್ದೇ ಇರುತ್ತದೆ. ಆದರೆ ಅವುಗಳಲ್ಲಿ ಹೆಚ್ಚಿನವು ಎಡಗಡೆ ಒಂದು ವ್ಯಾಖ್ಯೆ, ಬಲಗಡೆ ಇನ್ನೊಂದು ವ್ಯಾಖ್ಯೆ ಎಂಬಷ್ಟಕ್ಕೇ ನಿಲ್ಲುತ್ತವೆ. ‘ಡಿಎನ್‌ಎಸ್ ವಿಳಾಸವನ್ನು ಹುಡುಕಿಕೊಡುತ್ತದೆ, ಎಆರ್‌ಪಿಯೂ ವಿಳಾಸವನ್ನು ಹುಡುಕಿಕೊಡುತ್ತದೆ’ ಎಂದು ಬರೆದಿಟ್ಟ ಕೋಷ್ಟಕವು, ನಾಳೆ ಪ್ರಯೋಗಾಲಯದ ಕಂಪ್ಯೂಟರ್ ಜಾಲತಾಣವನ್ನು ತೆರೆಯದೆ ಕುಳಿತಾಗ, ಎರಡರಲ್ಲಿ ಯಾವುದು ಕೆಟ್ಟಿದೆ ಎಂಬುದನ್ನು ಹೇಳಲಾರದು.

ಈ ಲೇಖನದಲ್ಲಿ ಅಂಥ ಗೊಂದಲದ ಜೋಡಿಗಳ ಪೈಕಿ ಎರಡು ಗುಂಪುಗಳನ್ನು ಮಾತ್ರ ಎತ್ತಿಕೊಂಡು, ಕೋಷ್ಟಕದ ಒಂದೊಂದು ಸಾಲನ್ನೂ ಕಂಪ್ಯೂಟರಿನಲ್ಲಿ ನೋಡಿ ತುಂಬಿಸುವ ಕ್ರಮವನ್ನು ವಿವರಿಸಲಾಗಿದೆ. ಇಲ್ಲಿಯ ಆಜ್ಞೆಗಳು ಲಿನಕ್ಸಿಗೆ ಸಂಬಂಧಿಸಿದವು. ಕೇರಳದ ಶಾಲೆಗಳ ಪ್ರಯೋಗಾಲಯಗಳಲ್ಲಿ ಕೈಟ್ ಸಂಸ್ಥೆಯವರು ಒದಗಿಸುವ ಉಬುಂಟು ಆಧಾರಿತ ವ್ಯವಸ್ಥೆ ಇರುವುದರಿಂದ ಇವನ್ನು ಅಲ್ಲಿಯೇ ಪ್ರಯೋಗಿಸಿ ನೋಡಬಹುದು.

ಮೊದಲ ಹೆಜ್ಜೆ: ಸಾಲುಗಳನ್ನು ಪ್ರಶ್ನೆಗಳಾಗಿ ಬರೆಯುವುದು

ಖಾಲಿ ಹಾಳೆಯಲ್ಲಿ ಕಲಂಗಳನ್ನು ಎಳೆಯುವ ಮೊದಲು ಸಾಲುಗಳನ್ನು ನಿರ್ಧರಿಸಬೇಕು. ಕೇಳುವ ಯಂತ್ರದ ಬಳಿ ಮೊದಲೇ ಏನಿದೆ, ಅದಕ್ಕೆ ಏನು ಬೇಕಾಗಿದೆ, ಉತ್ತರ ಕೊಡುವವರು ಯಾರು, ಪ್ರಶ್ನೆ ಎಷ್ಟು ದೂರ ಹೋಗಬಲ್ಲದು, ಕೆಟ್ಟಾಗ ಪರದೆಯ ಮೇಲೆ ಏನು ಕಾಣುತ್ತದೆ ಎಂಬ ಐದು ಪ್ರಶ್ನೆಗಳು ಬಹುಪಾಲು ಪ್ರೋಟೊಕಾಲ್‌ಗಳಿಗೆ ಸಾಕಾಗುತ್ತವೆ. ‘ಮಹತ್ವ’, ‘ಉಪಯೋಗ’, ‘ಅನುಕೂಲ’ ಮುಂತಾದ ಸಾಲುಗಳನ್ನು ಹಾಕಬೇಡಿ. ಅವುಗಳಲ್ಲಿ ಎರಡೂ ಕಡೆ ಒಂದೇ ಮಾತು ಬರುತ್ತದೆ. ಒಂದು ಸಾಲಿನ ಎರಡು ಕೋಣೆಗಳನ್ನು ಅದಲುಬದಲು ಮಾಡಿದರೂ ಓದುಗನಿಗೆ ತಪ್ಪು ಗೊತ್ತಾಗುವುದಿಲ್ಲವಾದರೆ ಆ ಸಾಲನ್ನು ಹೊಡೆದುಹಾಕುವುದೇ ಸರಿ.

ಎರಡನೆಯ ಹೆಜ್ಜೆ: ಡಿಎಚ್‌ಸಿಪಿ, ಡಿಎನ್‌ಎಸ್, ಎಆರ್‌ಪಿ

ಇವು ನಿಜವಾಗಿ ಎರಡು ಜೋಡಿಗಳು. ಹೆಸರಿನ ಹೋಲಿಕೆಯಿಂದಾಗಿ ಡಿಎಚ್‌ಸಿಪಿಯನ್ನೂ ಡಿಎನ್‌ಎಸ್ಸನ್ನೂ, ಕೆಲಸದ ಹೋಲಿಕೆಯಿಂದಾಗಿ ಡಿಎನ್‌ಎಸ್ಸನ್ನೂ ಎಆರ್‌ಪಿಯನ್ನೂ ಬೆರೆಸಿಕೊಳ್ಳುವುದುಂಟು. ಡಿಎನ್‌ಎಸ್ ಎರಡರಲ್ಲಿಯೂ ಇರುವುದರಿಂದ ಅದನ್ನು ನಡುವೆ ಇಟ್ಟು ಮೂರು ಕಲಂ ಮಾಡಿಕೊಳ್ಳುವುದು ಅನುಕೂಲ.

| ಪ್ರಶ್ನೆ | ಡಿಎಚ್‌ಸಿಪಿ | ಡಿಎನ್‌ಎಸ್ | ಎಆರ್‌ಪಿ |
|---|---|---|---|
| ಕೇಳುವವರ ಬಳಿ ಇರುವುದು | ತನ್ನ ಮ್ಯಾಕ್ ವಿಳಾಸ ಮಾತ್ರ | ಜಾಲತಾಣದ ಹೆಸರು | ಇನ್ನೊಂದು ಯಂತ್ರದ ಐಪಿ ವಿಳಾಸ |
| ಬೇಕಾಗಿರುವುದು | ತನಗೊಂದು ಐಪಿ ವಿಳಾಸ, ಗೇಟ್‌ವೇ, ಡಿಎನ್‌ಎಸ್ ಸರ್ವರಿನ ವಿಳಾಸ | ಆ ಹೆಸರಿನ ಐಪಿ ವಿಳಾಸ | ಆ ಯಂತ್ರದ ಮ್ಯಾಕ್ ವಿಳಾಸ |
| ಉತ್ತರ ಕೊಡುವವರು | ಡಿಎಚ್‌ಸಿಪಿ ಸರ್ವರ್, ಸಾಮಾನ್ಯವಾಗಿ ರೂಟರ್ | ಡಿಎನ್‌ಎಸ್ ಸರ್ವರ್ | ಆ ವಿಳಾಸವನ್ನು ಹೊಂದಿರುವ ಯಂತ್ರವೇ |
| ಪ್ರಶ್ನೆ ಹೋಗುವ ದೂರ | ಸ್ಥಳೀಯ ಜಾಲದೊಳಗೆ | ಇಂಟರ್ನೆಟ್ಟಿನ ಉದ್ದಕ್ಕೂ | ಸ್ಥಳೀಯ ಜಾಲದೊಳಗೆ |
| ಪೋರ್ಟ್ | ಯುಡಿಪಿ 67 ಮತ್ತು 68 | 53, ಯುಡಿಪಿ ಹಾಗೂ ಟಿಸಿಪಿ | ಪೋರ್ಟ್ ಇಲ್ಲ |
| ಕೆಟ್ಟಾಗ ಕಾಣುವುದು | ಐಪಿ ವಿಳಾಸವೇ ಇಲ್ಲ, ಅಥವಾ 169.254 ಎಂದು ಆರಂಭವಾಗುವ ವಿಳಾಸ | ಸಂಖ್ಯೆಗೆ ಪಿಂಗ್ ಹೋಗುತ್ತದೆ, ಹೆಸರಿಗೆ ಹೋಗುವುದಿಲ್ಲ | `Destination Host Unreachable` |
| ನೋಡುವ ಆಜ್ಞೆ | `ip addr`, `ip route` | `getent hosts` | `ip neigh` |

ಪೋರ್ಟ್ ಸಾಲಿನಲ್ಲಿ ಎಆರ್‌ಪಿಯ ಎದುರು ‘ಇಲ್ಲ’ ಎಂದು ಬರೆದಿರುವುದು ಬಿಟ್ಟುಹೋದ ಮಾಹಿತಿಯಲ್ಲ. ಪೋರ್ಟ್ ಸಂಖ್ಯೆ ಎಂಬುದು ಟಿಸಿಪಿ ಮತ್ತು ಯುಡಿಪಿಗಳಿಗೆ ಸೇರಿದ್ದು. 1982ರಲ್ಲಿ ಆರ್‌ಎಫ್‌ಸಿ 826 ಎಂಬ ಮಾನದಂಡ ದಾಖಲೆಯ ಮೂಲಕ ಪ್ರಕಟವಾದ ಎಆರ್‌ಪಿ ಅವುಗಳಿಗಿಂತ ಕೆಳಗೆ, ನೇರವಾಗಿ ಈಥರ್ನೆಟ್ ಫ್ರೇಮಿನೊಳಗೆ ಕುಳಿತು ಪ್ರಯಾಣಿಸುತ್ತದೆ. ಐಪಿ ಪ್ಯಾಕೆಟ್ ಅದಕ್ಕೆ ಇಲ್ಲದಿರುವುದರಿಂದಲೇ ರೂಟರ್ ಅದನ್ನು ಇನ್ನೊಂದು ಜಾಲಕ್ಕೆ ದಾಟಿಸುವುದಿಲ್ಲ. ಹೀಗೆ ‘ಪೋರ್ಟ್’ ಸಾಲಿನ ಉತ್ತರವು ‘ದೂರ’ದ ಸಾಲಿನ ಉತ್ತರಕ್ಕೆ ಕಾರಣವನ್ನು ಒದಗಿಸುತ್ತದೆ.

ಡಿಎಚ್‌ಸಿಪಿಯೂ ಸ್ಥಳೀಯ ಜಾಲದೊಳಗೆ ಉಳಿಯುತ್ತದೆಯಾದರೂ ಅದರ ಕಾರಣ ಬೇರೆ. ಆಗ ತಾನೇ ಚಾಲೂ ಆದ ಕಂಪ್ಯೂಟರಿಗೆ ತನ್ನ ವಿಳಾಸವೂ ಗೊತ್ತಿಲ್ಲ, ಸರ್ವರ್ ಎಲ್ಲಿದೆಯೆಂಬುದೂ ಗೊತ್ತಿಲ್ಲ. ಆದ್ದರಿಂದ ಅದು 0.0.0.0 ಎಂಬ ವಿಳಾಸದಿಂದ 255.255.255.255 ಎಂಬ ವಿಳಾಸಕ್ಕೆ, ಅಂದರೆ ಜಾಲದಲ್ಲಿರುವ ಎಲ್ಲರಿಗೂ, ಕೇಳಿಕೆಯನ್ನು ಕಳುಹಿಸುತ್ತದೆ. ಇಂಥ ಪ್ರಸಾರವನ್ನು ಕೂಡ ರೂಟರ್ ಮುಂದಕ್ಕೆ ಬಿಡುವುದಿಲ್ಲ. ದೊಡ್ಡ ಸಂಸ್ಥೆಗಳಲ್ಲಿ ಬಿಡಬೇಕಾದಾಗ ರಿಲೇ ಎಂಬ ಪ್ರತ್ಯೇಕ ಏರ್ಪಾಡನ್ನು ಮಾಡುತ್ತಾರೆ.

ಮೂರನೆಯ ಹೆಜ್ಜೆ: ಕೋಷ್ಟಕವನ್ನು ಯಂತ್ರದ ಮುಂದೆ ಪರೀಕ್ಷಿಸುವುದು

ಸರಿಯಾಗಿ ಕೆಲಸ ಮಾಡುತ್ತಿರುವ ಒಂದು ಕಂಪ್ಯೂಟರಿನಲ್ಲಿ ಟರ್ಮಿನಲ್ ತೆರೆದು ಈ ಆಜ್ಞೆಗಳನ್ನು ಇದೇ ಅನುಕ್ರಮದಲ್ಲಿ ಕೊಡಿ. ಮೂರನೆಯ ಸಾಲಿನಲ್ಲಿರುವ ಸಂಖ್ಯೆಯ ಬದಲು ನಿಮ್ಮಲ್ಲಿ `ip route` ತೋರಿಸುವ ಗೇಟ್‌ವೇ ವಿಳಾಸವನ್ನು ಹಾಕಬೇಕು.

```
ip addr
ip route
ping -c 3 192.168.1.1
ping -c 3 8.8.8.8
getent hosts kn.wikipedia.org
ip neigh
```

ಈ ಅನುಕ್ರಮವನ್ನು ಬದಲಾಯಿಸಬಾರದು. ಕೊನೆಯದಕ್ಕಿಂತ ಹಿಂದಿನ ಆಜ್ಞೆಯಾದ `getent` ಯಶಸ್ವಿಯಾಗಬೇಕಾದರೆ ಅದರ ಮೇಲಿನ ಎಲ್ಲವೂ ಸರಿಯಿರಬೇಕು. ಆದುದರಿಂದ ಅದೊಂದನ್ನೇ ಕೊಟ್ಟು ಉತ್ತರ ಬಾರದಿದ್ದರೆ ಡಿಎನ್‌ಎಸ್ ಕೆಟ್ಟಿದೆ ಎಂದು ತೀರ್ಮಾನಿಸುವಂತಿಲ್ಲ. 8.8.8.8 ಎಂಬುದು ಗೂಗಲ್ಲಿನ ಡಿಎನ್‌ಎಸ್ ಸರ್ವರಿನ ವಿಳಾಸ ಎಂಬ ಕಾರಣಕ್ಕೆ ಅದಕ್ಕೆ ಪಿಂಗ್ ಮಾಡುವುದೇ ಡಿಎನ್‌ಎಸ್ ಪರೀಕ್ಷೆ ಎಂದು ಭಾವಿಸುವವರೂ ಇದ್ದಾರೆ. ಪಿಂಗ್ ಆ ಯಂತ್ರದವರೆಗೆ ದಾರಿ ಇದೆಯೇ ಎಂಬುದನ್ನಷ್ಟೇ ನೋಡುತ್ತದೆ, ಅದರ ಬಳಿ ಹೆಸರಿನ ಬಗ್ಗೆ ಏನನ್ನೂ ಕೇಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಕೊನೆಯ ಆಜ್ಞೆ. 8.8.8.8ಕ್ಕೆ ಆಗಷ್ಟೇ ಪಿಂಗ್ ಮಾಡಿದ್ದರೂ `ip neigh` ಪಟ್ಟಿಯಲ್ಲಿ ಆ ವಿಳಾಸ ಕಾಣುವುದಿಲ್ಲ. ಗೇಟ್‌ವೇಯದು ಮತ್ತು ಅದೇ ಕೋಣೆಯ ಕೆಲವು ಯಂತ್ರಗಳದು ಮಾತ್ರ ಕಾಣುತ್ತವೆ. ದೂರದ ಯಂತ್ರದ ಮ್ಯಾಕ್ ವಿಳಾಸವನ್ನು ನಮ್ಮ ಕಂಪ್ಯೂಟರ್ ಎಂದೂ ಕೇಳುವುದಿಲ್ಲ. ಹೊರಗೆ ಹೋಗಬೇಕಾದ ಪ್ಯಾಕೆಟ್ಟನ್ನು ಅದು ಗೇಟ್‌ವೇಯ ಮ್ಯಾಕ್ ವಿಳಾಸ ಬರೆದು ಗೇಟ್‌ವೇಯ ಕೈಗೆ ಕೊಡುತ್ತದೆ, ಒಳಗಿರುವ ಐಪಿ ವಿಳಾಸ ಮಾತ್ರ 8.8.8.8 ಆಗಿಯೇ ಉಳಿಯುತ್ತದೆ. ಕೋಷ್ಟಕದ ‘ದೂರ’ದ ಸಾಲನ್ನು ಬಾಯಿಪಾಠ ಮಾಡುವ ಬದಲು ಈ ಪಟ್ಟಿಯನ್ನೊಮ್ಮೆ ನೋಡಿದರೆ ಸಾಕು. ಪಟ್ಟಿಯಲ್ಲಿ `STALE` ಎಂಬ ಪದವನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಆ ನಮೂದನ್ನು ಇತ್ತೀಚೆಗೆ ಖಚಿತಪಡಿಸಿಕೊಂಡಿಲ್ಲ ಎಂದಷ್ಟೇ ಅದರ ಅರ್ಥ. `FAILED` ಎಂದಿದ್ದರೆ ಮಾತ್ರ ಎಆರ್‌ಪಿಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ.

ನಾಲ್ಕನೆಯ ಹೆಜ್ಜೆ: ಒಂದು ಪ್ರಕರಣದ ಮೂಲಕ ಗಡಿರೇಖೆಗಳನ್ನು ಗುರುತಿಸುವುದು

ತುಲಾ ತಿಂಗಳ ಗುಡುಗು ಸಿಡಿಲಿಗೆ ನಮ್ಮ ಕಡೆ ಮೊದಲು ಸುಟ್ಟುಹೋಗುವ ಸಾಮಾನುಗಳಲ್ಲಿ ಮೋಡೆಮ್ ಮತ್ತು ವೈ-ಫೈ ಪೆಟ್ಟಿಗೆಗಳೂ ಸೇರಿವೆ. ಮಂಜೇಶ್ವರದ ಕಡೆಯ ಒಂದು ಶಾಲೆಯಲ್ಲಿ ಹೀಗೆ ವೈ-ಫೈ ಪೆಟ್ಟಿಗೆಯೊಂದು ಸುಟ್ಟುಹೋಗಿ, ಅದರ ಬದಲಿಗೆ ಕಪಾಟಿನಲ್ಲಿದ್ದ ಹಳೆಯ ರೂಟರನ್ನು ತಂದು, ಅದರ ಲ್ಯಾನ್ ಪೋರ್ಟಿನಿಂದ ಪ್ರಯೋಗಾಲಯದ ಸ್ವಿಚ್ಚಿಗೆ ಕೇಬಲ್ ಎಳೆದರು ಎಂದು ಇಟ್ಟುಕೊಳ್ಳೋಣ. ವೈ-ಫೈ ಸಿಗ್ನಲ್ ಚೆನ್ನಾಗಿ ಬಂತು. ಆದರೆ ಮರುದಿನ ಬೆಳಿಗ್ಗೆ ಕಂಪ್ಯೂಟರ್‌ಗಳನ್ನು ಚಾಲೂ ಮಾಡಿದಾಗ ಕೆಲವು ಯಂತ್ರಗಳಲ್ಲಿ ಜಾಲತಾಣಗಳು ತೆರೆಯುತ್ತವೆ, ಕೆಲವುಗಳಲ್ಲಿ ತೆರೆಯುವುದಿಲ್ಲ. ಇನ್ನೊಮ್ಮೆ ಆರಿಸಿ ಹಚ್ಚಿದರೆ ನಿನ್ನೆ ಸರಿಯಿದ್ದದ್ದು ಇಂದು ಕೈಕೊಡುತ್ತದೆ. ಪರದೆಯ ಮೇಲೆ ಕಾಣುವುದು ಮಾತ್ರ ಎಲ್ಲೆಡೆಯೂ ‘ಸರ್ವರ್ ಸಿಗುತ್ತಿಲ್ಲ’ ಎಂಬ ಬ್ರೌಸರಿನ ಸಂದೇಶ. ಅದನ್ನು ನೋಡಿದವರು ಡಿಎನ್‌ಎಸ್ ಕೆಟ್ಟಿದೆ ಎಂದೇ ಹೇಳುತ್ತಾರೆ.

ಕೆಲಸ ಮಾಡದ ಯಂತ್ರದ ಮುಂದೆ ಕುಳಿತು ಮೇಲಿನ ಆಜ್ಞೆಗಳನ್ನು ಕ್ರಮವಾಗಿ ಕೊಡೋಣ. `ip addr` ಒಂದು ವಿಳಾಸವನ್ನು ತೋರಿಸುತ್ತದೆ: 192.168.0.102. ವಿಳಾಸ ಇದೆಯಾದ್ದರಿಂದ ಡಿಎಚ್‌ಸಿಪಿ ಕೆಲಸ ಮಾಡಿದೆ ಎಂದು ತೋರುತ್ತದೆ. `ip route` ಹೀಗೆ ಹೇಳುತ್ತದೆ:

```
default via 192.168.0.1 dev enp2s0 proto dhcp
```

192.168.0.1ಕ್ಕೆ ಪಿಂಗ್ ಹೋಗುತ್ತದೆ, ಅಂದರೆ ಎಆರ್‌ಪಿಯೂ ಸರಿಯಿದೆ. 8.8.8.8ಕ್ಕೆ ಹೋಗುವುದಿಲ್ಲ. ತೊಂದರೆ ಇಲ್ಲಿಯೇ ಸಿಕ್ಕಿತು. ಹೆಸರಿನ ಪ್ರಶ್ನೆ ಬರುವ ಮೊದಲೇ ದಾರಿ ಮುಚ್ಚಿದೆ, ಆದ್ದರಿಂದ ಡಿಎನ್‌ಎಸ್ ಮೂಲ ಕಾರಣವಲ್ಲ. ಈಗ ಪಕ್ಕದ, ಕೆಲಸ ಮಾಡುತ್ತಿರುವ ಯಂತ್ರದಲ್ಲಿ `ip route` ಕೊಟ್ಟರೆ ಅಲ್ಲಿ 192.168.1.1 ಎಂಬ ಬೇರೆ ಗೇಟ್‌ವೇ ಕಾಣುತ್ತದೆ. ಒಂದೇ ಸ್ವಿಚ್ಚಿಗೆ ಸೇರಿದ ಎರಡು ಯಂತ್ರಗಳಿಗೆ ಎರಡು ಗೇಟ್‌ವೇಗಳು ಹೇಗೆ ಬಂದವು?

ಹಳೆಯ ರೂಟರಿನೊಳಗೆ ಒಂದು ಡಿಎಚ್‌ಸಿಪಿ ಸರ್ವರ್ ಕಾರ್ಖಾನೆಯಿಂದ ಬಂದಂತೆಯೇ ಚಾಲೂ ಇತ್ತು. ಪ್ರತಿ ಕಂಪ್ಯೂಟರ್ ಎದ್ದು ‘ನನಗೊಂದು ವಿಳಾಸ ಬೇಕು’ ಎಂದು ಎಲ್ಲರಿಗೂ ಕೇಳುವಂತೆ ಕೂಗಿದಾಗ ಶಾಲೆಯ ಮುಖ್ಯ ರೂಟರ್ ಮತ್ತು ಈ ಹಳೆಯ ರೂಟರ್ ಎರಡೂ ಉತ್ತರಿಸುತ್ತವೆ. ಸಾಮಾನ್ಯವಾಗಿ ಯಾರ ಉತ್ತರ ಮೊದಲು ತಲುಪುತ್ತದೆಯೋ ಅದನ್ನೇ ಕಂಪ್ಯೂಟರ್ ಸ್ವೀಕರಿಸುತ್ತದೆ. ಹಳೆಯ ರೂಟರ್ ತನ್ನನ್ನೇ ಗೇಟ್‌ವೇ ಎಂದೂ ತನ್ನನ್ನೇ ಡಿಎನ್‌ಎಸ್ ಸರ್ವರ್ ಎಂದೂ ಹೇಳಿಕೊಡುತ್ತದೆ. ಆದರೆ ಅದರ ವ್ಯಾನ್ ಪೋರ್ಟಿಗೆ ಯಾವ ಕೇಬಲ್ಲೂ ಇಲ್ಲ, ಹೀಗಾಗಿ ಅದರ ಬಳಿ ಹೊರಗೆ ಹೋಗುವ ದಾರಿಯೇ ಇಲ್ಲ. ಯಾವ ಯಂತ್ರ ಯಾವ ರೂಟರಿನ ಪಾಲಾಗುತ್ತದೆ ಎಂಬುದು ಪ್ರತಿ ಸಲವೂ ಬದಲಾಗುವುದರಿಂದ ತೊಂದರೆ ಊರೆಲ್ಲ ಸುತ್ತಿದಂತೆ ಕಾಣುತ್ತದೆ.

ಪರಿಹಾರಕ್ಕೆ ಹೀಗೆ ಮಾಡಬೇಕು. ಹಳೆಯ ರೂಟರನ್ನು ಸ್ವಿಚ್ಚಿನಿಂದ ಬಿಡಿಸಿ ಒಂದು ಕಂಪ್ಯೂಟರಿಗೆ ಮಾತ್ರ ಜೋಡಿಸಿ, ಅದರ ಸೆಟ್ಟಿಂಗ್ಸ್ ಪುಟವನ್ನು ತೆರೆಯಿರಿ. ಮೊದಲು ಡಿಎಚ್‌ಸಿಪಿ ಸರ್ವರನ್ನು ನಿಲ್ಲಿಸಿ. ಬಳಿಕ ಅದರ ಲ್ಯಾನ್ ವಿಳಾಸವನ್ನು 192.168.1.2 ಎಂಬಂತೆ ಮುಖ್ಯ ರೂಟರಿನ ಜಾಲಕ್ಕೆ ಸೇರಿದ, ಆದರೆ ಮುಖ್ಯ ರೂಟರ್ ಹಂಚುವ ವಿಳಾಸಗಳ ವ್ಯಾಪ್ತಿಯ ಹೊರಗಿನ ಒಂದು ಸಂಖ್ಯೆಗೆ ಬದಲಾಯಿಸಿ. ಆಮೇಲೆ ಮತ್ತೆ ಲ್ಯಾನ್ ಪೋರ್ಟಿನಿಂದಲೇ ಸ್ವಿಚ್ಚಿಗೆ ಜೋಡಿಸಿದರೆ ಅದು ಬರಿಯ ವೈ-ಫೈ ಕೇಂದ್ರವಾಗಿ ಕೆಲಸ ಮಾಡುತ್ತದೆ. ತಪ್ಪು ವಿಳಾಸ ಪಡೆದಿದ್ದ ಕಂಪ್ಯೂಟರ್‌ಗಳಲ್ಲಿ ನೆಟ್‌ವರ್ಕನ್ನು ಒಮ್ಮೆ ಆರಿಸಿ ಹಚ್ಚಬೇಕು. ಇಲ್ಲವಾದರೆ ಹಳೆಯ ವಿಳಾಸದ ಗಡುವು ಮುಗಿಯುವವರೆಗೆ ಅವು ಅದನ್ನೇ ಹಿಡಿದುಕೊಂಡಿರುತ್ತವೆ.

ಈ ಪ್ರಕರಣದ ನಂತರ ಕೋಷ್ಟಕಕ್ಕೆ ಇನ್ನೊಂದು ಸಾಲನ್ನು ಸೇರಿಸಬೇಕಾಗುತ್ತದೆ: ‘ಇವೆರಡೂ ಎಲ್ಲಿ ಸಂಧಿಸುತ್ತವೆ?’ ಡಿಎಚ್‌ಸಿಪಿ ಮತ್ತು ಡಿಎನ್‌ಎಸ್ ನಡುವೆ ಬರೆಯಬೇಕಾದದ್ದು, ‘ಡಿಎನ್‌ಎಸ್ ಸರ್ವರ್ ಯಾವುದೆಂಬುದನ್ನು ಕಂಪ್ಯೂಟರಿಗೆ ತಿಳಿಸುವುದು ಸಾಮಾನ್ಯವಾಗಿ ಡಿಎಚ್‌ಸಿಪಿ’ ಎಂದು. ಡಿಎನ್‌ಎಸ್ ಮತ್ತು ಎಆರ್‌ಪಿ ನಡುವೆ, ‘ಹೆಸರಿನ ಪ್ರಶ್ನೆಯನ್ನು ಹೊರಗೆ ಕಳುಹಿಸಲು ಮೊದಲು ಗೇಟ್‌ವೇಯ ಮ್ಯಾಕ್ ವಿಳಾಸ ಬೇಕು’ ಎಂದು. ಗೊಂದಲ ಹುಟ್ಟುವುದು ಹೋಲಿಕೆಯಿಂದ ಮಾತ್ರವಲ್ಲ, ಹೀಗೆ ಒಂದರ ಉತ್ತರವನ್ನು ಇನ್ನೊಂದು ನೆಚ್ಚಿಕೊಂಡಿರುವುದರಿಂದಲೂ ಹೌದು. ಪಠ್ಯದ ಕೋಷ್ಟಕಗಳಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಈ ಸಾಲಿನದು.

ಐದನೆಯ ಹೆಜ್ಜೆ: ಹರಿವಿನ ನಿಯಂತ್ರಣ ಮತ್ತು ದಟ್ಟಣೆಯ ನಿಯಂತ್ರಣ

ಎರಡನೆಯ ಗುಂಪಿನಲ್ಲಿ ಇರುವವು ಪ್ರೋಟೊಕಾಲ್‌ಗಳಲ್ಲ, ಟಿಸಿಪಿ ಎಂಬ ಒಂದೇ ಪ್ರೋಟೊಕಾಲಿನೊಳಗಿನ ಎರಡು ಏರ್ಪಾಡುಗಳು. ಎರಡೂ ಮಾಡುವುದು ಕಳುಹಿಸುವವರ ವೇಗವನ್ನು ತಗ್ಗಿಸುವ ಕೆಲಸವನ್ನೇ. ಆದ್ದರಿಂದ ‘ಏನು ಮಾಡುತ್ತದೆ’ ಎಂಬ ಸಾಲು ಇಲ್ಲಿ ನಿರರ್ಥಕ. ಯಾರಿಗಾಗಿ ತಗ್ಗಿಸುತ್ತದೆ, ಆ ಮಿತಿಯನ್ನು ಯಾರು ಹೇಳುತ್ತಾರೆ ಎಂಬುದೇ ಮುಖ್ಯ.

| ಪ್ರಶ್ನೆ | ಹರಿವಿನ ನಿಯಂತ್ರಣ | ದಟ್ಟಣೆಯ ನಿಯಂತ್ರಣ |
|---|---|---|
| ಯಾರನ್ನು ಕಾಪಾಡುತ್ತದೆ | ಪಡೆಯುವ ಯಂತ್ರದ ಸ್ಮೃತಿಯನ್ನು | ನಡುವಿನ ಜಾಲವನ್ನು |
| ಮಿತಿಯನ್ನು ಹೇಳುವವರು | ಪಡೆಯುವವರು, ಸ್ಪಷ್ಟವಾಗಿ | ಯಾರೂ ಹೇಳುವುದಿಲ್ಲ, ಕಳುಹಿಸುವವರು ಊಹಿಸುತ್ತಾರೆ |
| ಟಿಸಿಪಿ ಹೆಡರಿನಲ್ಲಿ ಇದೆಯೇ | ಇದೆ, ವಿಂಡೊ ಎಂಬ 16 ಬಿಟ್‌ಗಳ ಕ್ಷೇತ್ರ | ಇಲ್ಲ, ಕಳುಹಿಸುವವರ ಲೆಕ್ಕದಲ್ಲಿ ಮಾತ್ರ |
| ಮಿತಿ ಮುಟ್ಟಿದ ಗುರುತು | ವಿಂಡೊ ಸೊನ್ನೆಗಿಳಿಯುವುದು | ಪ್ಯಾಕೆಟ್ ಕಳೆದುಹೋಗಿ ಮತ್ತೆ ಕಳುಹಿಸುವುದು |

ಕಳುಹಿಸುವವರು ಉತ್ತರ ಬರುವ ಮೊದಲು ಎಷ್ಟು ಬೈಟ್‌ಗಳನ್ನು ದಾರಿಯಲ್ಲಿ ಬಿಡಬಹುದು ಎಂಬುದು ಈ ಎರಡು ಮಿತಿಗಳಲ್ಲಿ ಚಿಕ್ಕದಾದದ್ದಕ್ಕೆ ಸಮ. ಒಂದು ಲೆಕ್ಕವನ್ನು ನೋಡೋಣ. 16 ಬಿಟ್‌ಗಳಲ್ಲಿ ಬರೆಯಬಹುದಾದ ಅತಿ ದೊಡ್ಡ ವಿಂಡೊ 65,535 ಬೈಟ್. ದೂರದ ದೇಶದ ಸರ್ವರಿಗೆ ಪಿಂಗ್ ಮಾಡಿದಾಗ ಹೋಗಿಬರಲು 200 ಮಿಲಿಸೆಕೆಂಡ್ ಹಿಡಿಯುತ್ತದೆ ಎಂದಾದರೆ, ಸೆಕೆಂಡಿಗೆ ಐದು ವಿಂಡೊಗಳಷ್ಟು, ಅಂದರೆ 3,27,675 ಬೈಟ್ ಮಾತ್ರ ಬರಲು ಸಾಧ್ಯ. ಇದು ಸುಮಾರು 2.6 ಮೆಗಾಬಿಟ್. ಶಾಲೆಯ ಸಂಪರ್ಕ 100 ಮೆಗಾಬಿಟ್‌ನದ್ದಾಗಿ, ದಾರಿಯಲ್ಲಿ ಒಂದು ಪ್ಯಾಕೆಟ್ಟೂ ಕಳೆಯದಿದ್ದರೂ ಇದಕ್ಕಿಂತ ಹೆಚ್ಚು ವೇಗ ಸಿಗದು, ಏಕೆಂದರೆ ತಡೆದಿರುವುದು ಹರಿವಿನ ಮಿತಿ. ಈ ಕಾರಣಕ್ಕಾಗಿಯೇ 1992ರ ಆರ್‌ಎಫ್‌ಸಿ 1323ರಲ್ಲಿ ವಿಂಡೊ ಸ್ಕೇಲಿಂಗ್ ಎಂಬ ವಿಸ್ತರಣೆ ಬಂತು, ಇಂದಿನ ಲಿನಕ್ಸಿನಲ್ಲಿ ಅದು ತಾನಾಗಿಯೇ ಚಾಲೂ ಇರುತ್ತದೆ.

ದಟ್ಟಣೆಯ ಕಥೆ ಬೇರೆ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯ ಮತ್ತು ಅದರ ಹತ್ತಿರದಲ್ಲೇ ಇದ್ದ ಬರ್ಕ್‌ಲಿ ವಿಶ್ವವಿದ್ಯಾಲಯದ ನಡುವಿನ ವೇಗವು ಸೆಕೆಂಡಿಗೆ 32 ಕಿಲೊಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ಪಡೆಯುವ ಯಂತ್ರಗಳಲ್ಲಿ ಜಾಗ ಇತ್ತು, ಹರಿವಿನ ನಿಯಂತ್ರಣ ಆಗಲೂ ಇತ್ತು. ಜಾಲದ ನಡುವೆ ತುಂಬಿಹೋದ ಸಾಲುಗಳ ಬಗ್ಗೆ ಕಳುಹಿಸುವವರಿಗೆ ತಿಳಿಸುವವರು ಮಾತ್ರ ಯಾರೂ ಇರಲಿಲ್ಲ. ವಾನ್ ಜೇಕಬ್‌ಸನ್ ಅವರು 1988ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಕಳುಹಿಸುವವರು ಪ್ಯಾಕೆಟ್ ಕಳೆದುಹೋದದ್ದನ್ನೇ ದಟ್ಟಣೆಯ ಸೂಚನೆಯೆಂದು ತಿಳಿದು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತಾರೆ. ಒಂದು ಏರ್ಪಾಡು ಇದ್ದೂ ಇನ್ನೊಂದು ಬೇಕಾದದ್ದೇಕೆ ಎಂಬುದಕ್ಕೆ ಈ ಘಟನೆಗಿಂತ ಚೊಕ್ಕ ಉದಾಹರಣೆ ಇಲ್ಲ.

ನೋಡಿ ತಿಳಿಯುವುದು ಹೇಗೆ? ದೊಡ್ಡ ಫೈಲೊಂದು ಇಳಿಯುತ್ತಿರುವಾಗ, ಪ್ಯಾಕೆಟ್‌ಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ತಂತ್ರಾಂಶದಲ್ಲಿ `TCP ZeroWindow` ಎಂಬ ಸಾಲು ಪದೇ ಪದೇ ಬಂದರೆ ಪಡೆಯುವ ಕಂಪ್ಯೂಟರ್ ಬಂದ ದತ್ತಾಂಶವನ್ನು ಓದಿ ಮುಗಿಸುತ್ತಿಲ್ಲ ಎಂದರ್ಥ. `TCP Retransmission` ಹೆಚ್ಚಿದ್ದರೆ ದಾರಿಯಲ್ಲಿ ಪ್ಯಾಕೆಟ್‌ಗಳು ಕಳೆಯುತ್ತಿವೆ. ಕಳುಹಿಸುವ ಯಂತ್ರ ನಿಮ್ಮದೇ ಆಗಿದ್ದರೆ ಅದರಲ್ಲಿ `ss -ti` ಕೊಟ್ಟು, ದಟ್ಟಣೆಯ ಮಿತಿಯನ್ನು ತೋರಿಸುವ `cwnd` ಎಂಬ ಸಂಖ್ಯೆ ಏರಿಳಿಯುವುದನ್ನೂ ನೋಡಬಹುದು. ಒಂದು ಎಚ್ಚರಿಕೆ ಅಗತ್ಯ: ದುರ್ಬಲ ವೈ-ಫೈ ಸಿಗ್ನಲ್‌ನಿಂದ ಕಳೆದ ಪ್ಯಾಕೆಟ್ಟನ್ನೂ ಹಲವು ಟಿಸಿಪಿ ವಿಧಾನಗಳು ದಟ್ಟಣೆಯೆಂದೇ ತಿಳಿಯುತ್ತವೆ. ಆದುದರಿಂದ ಮರುಕಳುಹಿಕೆ ಕಂಡಾಗ ಅದೇ ಪರೀಕ್ಷೆಯನ್ನು ಕೇಬಲ್ ಹಾಕಿ ಇನ್ನೊಮ್ಮೆ ಮಾಡಿ, ಆಮೇಲೆ ಸಂಪರ್ಕ ಒದಗಿಸುವವರ ಮೇಲೆ ದೂರು ಹೇಳಬಹುದು.

ಒಂದೇ ಸಾಲು ಸಾಕಾಗುವ ಜೋಡಿಗಳು

ಎಸ್‌ಎಂಟಿಪಿ ಮತ್ತು ಎಸ್‌ಎನ್‌ಎಂಪಿ, ಐಸಿಎಂಪಿ ಮತ್ತು ಐಜಿಎಂಪಿ ಮುಂತಾದವು ಅಕ್ಷರಗಳಲ್ಲಿ ಮಾತ್ರ ಹೋಲುತ್ತವೆ. ಮೊದಲನೆಯದು ಅಂಚೆ ಕಳುಹಿಸುವುದು, ಎರಡನೆಯದು ಸ್ವಿಚ್ಚು ರೂಟರ್‌ಗಳ ಸ್ಥಿತಿಯನ್ನು ವಿಚಾರಿಸುವುದು. ಮೂರನೆಯದು ದೋಷ ಮತ್ತು ಪಿಂಗ್‌ನ ಸಂದೇಶಗಳಿಗೆ, ನಾಲ್ಕನೆಯದು ಬಹುಪ್ರಸಾರದ ಗುಂಪುಗಳಿಗೆ ಸೇರುವುದಕ್ಕೆ. ಇವುಗಳಿಗೆ ಐದು ಸಾಲುಗಳ ಕೋಷ್ಟಕ ಬರೆಯುವುದು ಸಮಯದ ಅಪವ್ಯಯ. ಪಾಪ್3 ಮತ್ತು ಐಮ್ಯಾಪ್ ಹಾಗಲ್ಲ, ಎರಡೂ ಅಂಚೆಯನ್ನು ಓದುವುದಕ್ಕೇ ಇರುವವು. ಅಲ್ಲಿ ‘ಪತ್ರದ ಮೂಲ ಪ್ರತಿ ಎಲ್ಲಿ ಉಳಿಯುತ್ತದೆ’ ಎಂಬ ಸಾಲನ್ನು ಮಾತ್ರ ಬರೆದರೆ ಉಳಿದದ್ದು ತಾನಾಗಿ ಬರುತ್ತದೆ: ಪಾಪ್3ರಲ್ಲಿ ಅದು ಸಾಮಾನ್ಯವಾಗಿ ಇಳಿಸಿಕೊಂಡ ಕಂಪ್ಯೂಟರಿನಲ್ಲಿ, ಐಮ್ಯಾಪ್‌ನಲ್ಲಿ ಸರ್ವರಿನಲ್ಲಿ.

ಕೋಷ್ಟಕದ ಕೆಳಗೆ ಬರೆದಿಡಬೇಕಾದ ಮಿತಿಗಳು

ಮೇಲಿನ ಮೊದಲ ಕೋಷ್ಟಕವು ಐಪಿವಿ4ಕ್ಕೆ ಮಾತ್ರ ಅನ್ವಯಿಸುತ್ತದೆ. ಐಪಿವಿ6ರಲ್ಲಿ ಎಆರ್‌ಪಿ ಇಲ್ಲ. ಅದರ ಕೆಲಸವನ್ನು ಐಸಿಎಂಪಿವಿ6ರೊಳಗಿನ ನೆರೆಶೋಧನೆಯ ಸಂದೇಶಗಳು ಮಾಡುತ್ತವೆ, ಹಾಗೂ ಡಿಎಚ್‌ಸಿಪಿಯ ನೆರವಿಲ್ಲದೆಯೂ ಯಂತ್ರವು ತನ್ನ ವಿಳಾಸವನ್ನು ರಚಿಸಿಕೊಳ್ಳಬಲ್ಲದು. `ip neigh` ಪಟ್ಟಿಯಲ್ಲಿ fe80 ಎಂದು ಆರಂಭವಾಗುವ ಸಾಲುಗಳು ಕಂಡರೆ ಅವು ಈ ಬಗೆಯವು. 169.254ರ ಸಾಲು ವಿಂಡೋಸ್‌ನಲ್ಲಿ ತಪ್ಪದೆ ಕಾಣುತ್ತದೆ, ಉಬುಂಟುವಿನಲ್ಲಿ ಹೆಚ್ಚಾಗಿ ಐಪಿವಿ4 ವಿಳಾಸವೇ ಇಲ್ಲದೆ ಸಂಪರ್ಕ ಕಡಿದುಹೋಗುತ್ತದೆ. ಪೋರ್ಟ್ 53ರ ಸಾಲಿಗೂ ಒಂದು ಅಪವಾದವಿದೆ. ಈಚಿನ ಬ್ರೌಸರ್‌ಗಳಲ್ಲಿ ಡಿಎನ್‌ಎಸ್ ಪ್ರಶ್ನೆಯನ್ನು ಎಚ್‌ಟಿಟಿಪಿಎಸ್ ಒಳಗೆ ಸೇರಿಸಿ 443ನೆಯ ಪೋರ್ಟಿನಲ್ಲಿ ಕಳುಹಿಸುವ ಸೌಲಭ್ಯವಿದ್ದು, ಅದು ಚಾಲೂ ಇರುವ ಯಂತ್ರದಲ್ಲಿ `getent` ಉತ್ತರ ಕೊಡದಿದ್ದರೂ ಬ್ರೌಸರಿನಲ್ಲಿ ಜಾಲತಾಣ ತೆರೆದುಕೊಳ್ಳಬಹುದು. ಹಾಗಾದಾಗ ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಆ ಸೌಲಭ್ಯವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಮೂರನೆಯ ಹೆಜ್ಜೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು.